ಅರವತ್ನಾಲ್ಕು ಅಲ್ಲ, ಆರುನೂರ ಮೂವತ್ತೊಂದು

ಸಂಪಾದಕರೇ, ನಾನು ಬಾಗಲಕೋಟೆ ಜಿಲ್ಲೆಯ ಒಂದು ಪತ್ತಿನ ಸೊಸೈಟಿಯಲ್ಲಿ ಕ್ಲರ್ಕ್. ಆಡಿಟರ್‌ಗೆ ಹೋಗಬೇಕಿದ್ದ ಎಕ್ಸೆಲ್ ಫೈಲು ಗಡಿಬಿಡಿಯಲ್ಲಿ ಸಭೆ ನೋಟಿಸು ಕಳಿಸುವ 26 ವಿಳಾಸಗಳಿಗೆ ಹೋಯಿತು. ಮಗ್ಗದ ಸಾಲ ಪಡೆದ 64 ಜನರ ಹೆಸರು, ಫೋನು, ಆಧಾರ್ ಅದರಲ್ಲಿದ್ದವು. ಕೂಡಲೇ ಎಲ್ಲರಿಗೂ ‘ಡಿಲೀಟ್ ಮಾಡಿರಿ’ ಎಂದು ಮೇಲ್ ಹಾಕಿದೆ. ನಮ್ಮ ಮ್ಯಾನೇಜರ್ ‘ಸುಮ್ನ ಇರ್ರಿ, ಯಾರಿಗೂ ಗೊತ್ತಾಗೂದಿಲ್ಲ’ ಅಂತಾರೆ. ನನಗೆ ನಿದ್ದೆ ಬರುತ್ತಿಲ್ಲ. ಆ 64 ಜನರಿಗೆ ಹೇಳಬೇಕಾ? ಹೇಗೆ ಹೇಳಲಿ? ಬೇಕಾದರೆ ಫೈಲು ನಿಮಗೂ ಕಳಿಸುತ್ತೇನೆ.
— ಹೆಸರು, ಊರು ಬೇಡ

ತಂಗಿ, ಫೈಲು ನನಗೆ ಕಳಿಸಬೇಡಿ. ಕಳಿಸಿದರೆ ಅದನ್ನು ನೋಡಬಾರದವರ ಪಟ್ಟಿಗೆ ನಾನೂ ಸೇರಿದಂತಾಗುತ್ತದೆ. ಅದಕ್ಕೇ ನಿಮ್ಮ ಪತ್ರ ಬಂದ ದಿನವೇ ಫೋನ್ ಮಾಡಿದೆ. ಅವತ್ತು ನಾವಿಬ್ಬರೂ ಸೇರಿ ಕಂಡುಕೊಂಡದ್ದನ್ನು ನಿಮ್ಮ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಊರಿಗೆ ಎರಡು ಮೂರು ಸೊಸೈಟಿ ಇವೆ. ಇದೇ ಪೇಚಿನಲ್ಲಿರುವ ಇನ್ನೊಬ್ಬರು ಓದಲಿ ಎಂಬುದು ನನ್ನ ಆಸೆ.

ಹೇಳಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಗೆ ಹೇಳಬೇಕು ಎಂಬುದು ಮೊದಲು ಗೊತ್ತಾಗಬೇಕಲ್ವಾ? 64 ಎಂಬ ಸಂಖ್ಯೆ ನಿಮ್ಮ ಕಣ್ಣಿಗೆ ಕಂಡದ್ದು. ಫೈಲಿನಲ್ಲಿ ಇದ್ದದ್ದು ಬೇರೆ.

ಮ್ಯಾನೇಜರ್ ಆ ಮೇಲನ್ನು Sent ಪೆಟ್ಟಿಗೆಯಿಂದ ಅಳಿಸಲು ಹೇಳಿದ್ದರು, ನೀವು ಅಳಿಸಿರಲಿಲ್ಲ. ಅದು ಬಹಳ ಒಳ್ಳೇದಾಯಿತು. ಏನು ಹೋಯಿತು, ಯಾರಿಗೆ ಹೋಯಿತು, ಎಷ್ಟು ಗಂಟೆಗೆ ಹೋಯಿತು ಎಂಬುದಕ್ಕೆ ಅದೊಂದೇ ಸಾಕ್ಷಿ. ನಿಮ್ಮ ಕಂಪ್ಯೂಟರಿನಲ್ಲಿದ್ದ ಫೈಲನ್ನು ಆಮೇಲೆ ಎರಡು ಸಲ ತಿದ್ದಿದ್ದಿರಿ, ಹಾಗಾಗಿ ಅದನ್ನು ನೋಡಿ ಲೆಕ್ಕ ಹಾಕುವಂತಿರಲಿಲ್ಲ. ಮೇಲ್‌ಗೆ ಅಂಟಿಕೊಂಡು ಹೋದ ಫೈಲನ್ನೇ ಇಳಿಸಿಕೊಂಡು ತೆರೆದಿರಿ.

ಎಡಗಡೆಯ ಸಾಲು ಸಂಖ್ಯೆ ಓದಿರಿ ಎಂದೆ. ನೀವು ‘2, 9, 14, 15, 31…’ ಎಂದು ಓದಿದಿರಿ. ಆ ಅಂಕಿಗಳು ನೀಲಿ ಬಣ್ಣದಲ್ಲಿವೆ ಎಂದೂ ಹೇಳಿದಿರಿ. ಫಿಲ್ಟರ್ ಹಾಕಿದ್ದರ ಗುರುತು ಅದು. ಫಿಲ್ಟರ್ ಸಾಲುಗಳನ್ನು ಮರೆಮಾಡುತ್ತದೆಯೇ ಹೊರತು ತೆಗೆದುಹಾಕುವುದಿಲ್ಲ. ಅದನ್ನು ಬಿಡಿಸಿದ ಕೂಡಲೇ 64 ಇದ್ದದ್ದು 418 ಆಯಿತು. ಅಂದರೆ ಮಗ್ಗದ ಸಾಲದವರಷ್ಟೇ ಅಲ್ಲ, ನಿಮ್ಮ ಸೊಸೈಟಿಯಲ್ಲಿ ಸಾಲ ಇರುವ ಎಲ್ಲರೂ ಅಲ್ಲಿದ್ದರು. ಮೇಲಿನ ಕಾಲಂ ಅಕ್ಷರ ಓದಿರಿ ಎಂದೆ. D ಆದಮೇಲೆ ನೇರ H ಬಂತು. ನಡುವಿನ ಮೂರು ಕಾಲಂ ಅಡಗಿದ್ದವು: ಖಾತೆ ನಂಬರು, ನಾಮಿನಿ ಹೆಸರು, ಸುಸ್ತಿ ಬಾಕಿ. ಕೊನೆಗೆ ಕೆಳಗಿನ ಶೀಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿಸಿದೆ. Unhide ಎಂಬುದು ಒತ್ತಲು ಬಂತು. ಒತ್ತಿದಾಗ ಎದ್ದು ಬಂದದ್ದು ಜಾಮೀನುದಾರರ ಶೀಟು, 530 ಸಾಲು. ನೀವು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಒಬ್ಬರೇ ಎರಡು ಮೂರು ಸಾಲಕ್ಕೆ ಜಾಮೀನು ನಿಂತಿರುತ್ತಾರೆ. ಹೆಸರು ನೋಡಿ ಎಣಿಸಿದರೆ ತಪ್ಪುತ್ತದೆ, ನಮ್ಮಲ್ಲಿ ಒಂದೇ ಹೆಸರಿನವರು ಓಣಿಗೆ ಮೂವರು. ಆಧಾರ್ ನಂಬರಿನ ಮೇಲೆ ಎಣಿಸಿದಾಗ 371 ಜನ ಎಂದಾಯಿತು. ಅವರಲ್ಲಿ 158 ಜನರ ಹೆಸರು ಸಾಲಗಾರರ ಪಟ್ಟಿಯಲ್ಲೂ ಇತ್ತು. ಉಳಿದ 213 ಮಂದಿ ಹೊಸಬರು. 418ಕ್ಕೆ 213 ಸೇರಿಸಿದರೆ 631. ನಾಮಿನಿಗಳ ಹೆಸರು, ಸಂಬಂಧ ಬಿಟ್ಟು ಬೇರೇನೂ ಇರಲಿಲ್ಲ. ಅವರಿಗೆ ಆಯಾ ಸದಸ್ಯರ ಮೂಲಕವೇ ಹೇಳಿಸಿದರೆ ಸಾಕು.

ಇದು ನಿಮ್ಮೊಬ್ಬರ ತಪ್ಪಲ್ಲ. 2022ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆಯಿಂದ ಇಂಥದೇ ಒಂದು ಮೇಲ್ ಹೊರಗೆ ಹೋಗಿತ್ತು. ಕಳಿಸಿದವರು ಸುಮಾರು 150 ಸಾಲು ಎಂದುಕೊಂಡಿದ್ದರು. ಫೈಲಿನಲ್ಲಿ 33 ಸಾವಿರ ಸಾಲುಗಳಿದ್ದವು, ತಾಲಿಬಾನ್‌ಗೆ ಹೆದರಿ ಆಶ್ರಯ ಕೇಳಿದ್ದ ಅಫ್ಘನ್ನರ ವಿವರ. ಇಲಾಖೆಗೆ ಅದು ಗೊತ್ತಾದದ್ದೇ 2023ರ ಆಗಸ್ಟ್‌ನಲ್ಲಿ, ಅದರ ಒಂದಿಷ್ಟು ಭಾಗ ಫೇಸ್‌ಬುಕ್‌ನಲ್ಲಿ ಕಂಡಮೇಲೆ. ಫೈಲು ಬಿಚ್ಚಿ ಎಣಿಸಿ ನೋಡಿರಿ ಎಂದು ನಾನು ಹಟ ಹಿಡಿದದ್ದು ಇದಕ್ಕೇ.

ಇನ್ನು ಯಾರ ಕೈಗೆ ಸಿಕ್ಕಿತು ಎಂಬ ಮಾತು. ಕಳಿಸಿದ ಮೇಲನ್ನು ಹಿಂದೆ ಎಳೆದುಕೊಳ್ಳಲು ಜೀಮೇಲ್ ಕೊಡುವ ಸಮಯ ಹೆಚ್ಚೆಂದರೆ 30 ಸೆಕೆಂಡು. ಅದು ದಾಟಿದರೆ ಮುಗಿಯಿತು. ನಿಮ್ಮ ‘ಡಿಲೀಟ್ ಮಾಡಿರಿ’ ಮೇಲ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನೀವು Reply all ಬದಲು Forward ಒತ್ತಿದ್ದಿರಿ. Forward ಮಾಡಿದರೆ ಫೈಲೂ ಜೊತೆಗೆ ಹೋಗುತ್ತದೆ. ಹಾಗಾಗಿ ಪ್ರತಿಯೊಬ್ಬರ ಪೆಟ್ಟಿಗೆಯಲ್ಲೂ ಈಗ ಎರಡೆರಡು ಪ್ರತಿ ಇವೆ, ಎರಡನ್ನೂ ಅಳಿಸಲು ಕೇಳಬೇಕು.

26ರಲ್ಲಿ ಎರಡು ವಿಳಾಸ ಸತ್ತವು, ಮೇಲ್ ವಾಪಸ್ ಬಂದಿತ್ತು. ಉಳಿದ 24 ಜನರಿಗೆ ನೀವು ಒಬ್ಬೊಬ್ಬರಿಗೇ ಫೋನ್ ಮಾಡಿದ್ದು ಸರಿಯಾಯಿತು. ತೆರೆದಿರಾ, ಇಳಿಸಿಕೊಂಡಿರಾ, ವಾಟ್ಸ್ಆ್ಯಪ್‌ನಲ್ಲಿ ಯಾರಿಗಾದರೂ ದಾಟಿಸಿದಿರಾ, ಕಸದ ಪೆಟ್ಟಿಗೆಯಿಂದಲೂ ತೆಗೆದಿರಾ ಎಂದು ನಾಲ್ಕೇ ಪ್ರಶ್ನೆ. ಜೀಮೇಲ್‌ನಲ್ಲಿ ಅಳಿಸಿದ್ದು 30 ದಿನ Trashನಲ್ಲಿ ಕೂತಿರುತ್ತದೆ, ಅದಕ್ಕೇ ಆ ಕೊನೆಯ ಪ್ರಶ್ನೆ. ಒಬ್ಬ ಡೈರೆಕ್ಟರು ಕೊಟ್ಟಿದ್ದ ವಿಳಾಸ ಅವರದ್ದಲ್ಲ, ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯದ್ದು ಎಂದು ಗೊತ್ತಾಯಿತು. ನೀವೇ ಹೋಗಿ ನೋಡಿದಾಗ ಫೈಲು ಅಲ್ಲಿನ Downloadsನಲ್ಲಿ ಬಿದ್ದಿತ್ತು, ಆ ಕಂಪ್ಯೂಟರ್ ಮುಟ್ಟುವವರು ಮೂವರು. ಇಂಥದ್ದು ಮೇಲ್ ಪಟ್ಟಿ ನೋಡಿದರೆ ಕಾಣುವುದಿಲ್ಲ, ಹೋಗಿ ಕೇಳಿದರೇ ಗೊತ್ತಾಗುವುದು.

ಈಗ 19 ಜನ ಅಳಿಸಿದ್ದೇವೆ ಎಂದು ಬರೆದು ಕೊಟ್ಟಿದ್ದಾರೆ. ನಾಲ್ವರು ಬಾಯಿಮಾತಿನಲ್ಲಿ ಹೇಳಿದ್ದಾರೆ. ರಾಜೀನಾಮೆ ಕೊಟ್ಟು ಹೋದ ಒಬ್ಬ ಹಳೇ ಡೈರೆಕ್ಟರು ಸಿಕ್ಕಿಲ್ಲ. ಬರೆದು ಕೊಟ್ಟದ್ದೂ ಒಂದು ಮಾತೇ, ಅದನ್ನು ಪರೀಕ್ಷಿಸುವ ದಾರಿ ನಿಮಗಿಲ್ಲ. ಆದ್ದರಿಂದ ಸದಸ್ಯರಿಗೆ ‘ಮಾಹಿತಿ ಸುರಕ್ಷಿತವಾಗಿದೆ’ ಎಂದು ಬರೆಯಬೇಡಿ. 24 ಕಡೆ ಹೋಗಿದೆ, 19 ಜನ ಅಳಿಸಿದ್ದಾಗಿ ಬರೆದು ಕೊಟ್ಟಿದ್ದಾರೆ, ಒಬ್ಬರು ಇನ್ನೂ ಸಿಕ್ಕಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಮ್ಯಾನೇಜರ್ ಕಾನೂನು ಕೇಳಿದ್ದಾರಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಕೈತಪ್ಪಿ ಹೊರಗೆ ಹೋದದ್ದೂ ಉಲ್ಲಂಘನೆಯೇ. ದತ್ತಾಂಶ ರಕ್ಷಣಾ ಮಂಡಳಿಗೂ, ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸಬೇಕು. ಇಷ್ಟು ಜನರಿಗಿಂತ ಕಡಿಮೆಯಾದರೆ ಬೇಡ ಎಂಬ ವಿನಾಯಿತಿ ಅದರಲ್ಲಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ತಿಳಿಸುವ ಕಟ್ಟಳೆ ಜಾರಿಯಾಗುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇನಲ್ಲಿ. ಹಾಗಂತ ಅಲ್ಲಿವರೆಗೂ ಸುಮ್ಮನಿರಬಹುದು ಎಂದು ಓದಿಕೊಳ್ಳಬೇಡಿ. ಡೇಟಾ ಸೋರಿಕೆ ಗೊತ್ತಾದ 6 ಗಂಟೆಯೊಳಗೆ, ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂಬ ನಿರ್ದೇಶನ 2022ರ ಏಪ್ರಿಲ್‌ನಲ್ಲೇ ಹೊರಬಿದ್ದಿದೆ. ನಿಮ್ಮ 6 ಗಂಟೆ ದಾಟಿಹೋಗಿವೆ. ತಡವಾದದ್ದಕ್ಕೆ ಕಾರಣ ಬರೆದು incident@cert-in.org.in ಗೆ ಇವತ್ತೇ ಹಾಕಿಸಿ. ಕಾನೂನಿಗಿಂತ ನನಗೆ ಜಾಸ್ತಿ ಕಾಡುವುದು ಮುಂದಿನ ಮಾತು.

ಒಬ್ಬ ಮೋಸಗಾರನ ಕೈಗೆ ಆ ಫೈಲು ಸಿಕ್ಕರೆ ಏನು ಮಾಡುತ್ತಾನೆ? ಆಧಾರ್ ನಂಬರೊಂದರಿಂದ ಬ್ಯಾಂಕಿನ ಹಣ ತೆಗೆಯಲಾಗದು, ಬೆರಳಚ್ಚೋ ಓಟಿಪಿಯೋ ಬೇಕು. ಆದರೆ ಅವನ ಹತ್ತಿರ ಈಗ ಹೆಸರಿದೆ, ಸಾಲದ ಮೊತ್ತವಿದೆ, ಬಾಕಿ ಇದೆ, ಜಾಮೀನು ನಿಂತವರು ಯಾರೆಂದೂ ಗೊತ್ತು. ‘ನಿಮ್ಮ ಮಗ್ಗದ ಸಾಲದ ಬಾಕಿ ಇಷ್ಟು ಐತ್ರಿ, ಇವತ್ತ ಕಟ್ಟದಿದ್ರ ಜಾಮೀನುದಾರರ ಮನೀಗೆ ನೋಟಿಸ್ ಹೋಗ್ತೈತಿ’ ಎಂದು ಸರಿಯಾದ ಅಂಕಿ ಹೇಳಿ ಫೋನ್ ಮಾಡಿದರೆ ಯಾರು ನಂಬುವುದಿಲ್ಲ? ಈ ಅಪಾಯವನ್ನು ಸದಸ್ಯರಿಗೆ ಹೀಗೆ ಬಿಡಿಸಿ ಹೇಳಬೇಕು. ‘ಜಾಗ್ರತೆಯಿಂದಿರಿ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಇಲ್ಲೊಂದು ತೊಡಕಿದೆ. ನೀವು ಮಾಡುವ ಫೋನೂ ಮೋಸದ ಫೋನಿನ ಹಾಗೇ ಕೇಳಿಸುತ್ತದೆ. ಆದ್ದರಿಂದ ಫೋನಿನಲ್ಲಿ ಏನನ್ನೂ ಕೇಳಬೇಡಿ, ಹೇಳಿ ಮುಗಿಸಿ. ನಾನು ಬರೆದುಕೊಟ್ಟದ್ದು ಇಷ್ಟು: ‘ನಮಸ್ಕಾರ್ರಿ, ಸೊಸೈಟಿಯಿಂದ ಮಾತಾಡಾಕತ್ತೀನಿ. ನಮ್ಮ ಕಡೆಯಿಂದ ತಪ್ಪಾಗೇತ್ರಿ. ನಿಮ್ಮ ಹೆಸರು, ಫೋನು, ಆಧಾರ್ ನಂಬರು, ಖಾತೆ ನಂಬರು ಇದ್ದ ಫೈಲು ಬ್ಯಾರೇದವರಿಗೆ ಹೋಗೇತಿ. ನಾವು ಓಟಿಪಿ ಕೇಳೂದಿಲ್ಲ, ಫೋನಿನ್ಯಾಗ ರೊಕ್ಕ ಕಟ್ರಿ ಅನ್ನೂದಿಲ್ಲ. ಹಂಗ ಯಾರರ ಕೇಳಿದ್ರ ಇಟ್ಟುಬಿಡ್ರಿ. ನಂಬಿಕೆ ಬರದಿದ್ರ ಪಾಸ್‌ಬುಕ್ ಮ್ಯಾಲಿನ ನಂಬರಿಗೆ ನೀವ ಫೋನ್ ಮಾಡ್ರಿ, ಇಲ್ಲಾ ಕೌಂಟರಿಗೆ ಬರ್ರಿ.’

ಇದನ್ನು ಆ ವ್ಯಕ್ತಿಗೇ ಹೇಳಬೇಕು, ಫೋನ್ ಎತ್ತಿದವರಿಗಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಮನೆಯವರಿಗೆ ತಿಳಿಸದೆ ಗೆಳೆಯನಿಗೆ ಜಾಮೀನು ನಿಂತವರು ಈ 213ರಲ್ಲಿ ಇದ್ದೇ ಇರುತ್ತಾರೆ. ಗಂಡನಿಗೆ ಹೇಳದೆ ಸಾಲ ತೆಗೆದ ಹೆಣ್ಣುಮಕ್ಕಳೂ ಇರುತ್ತಾರೆ. ಮಗ ಫೋನ್ ಎತ್ತಿದಾಗ ‘ನಿಮ್ಮ ಅಪ್ಪಾರು ಜಾಮೀನು ನಿಂತಿದ್ರಲ್ಲ, ಆ ವಿಷಯ’ ಎಂದು ಶುರು ಮಾಡಿದರೆ ಅದೂ ಒಂದು ಸೋರಿಕೆಯೇ. ‘ಸೊಸೈಟಿಯಿಂದ ಫೋನ್ ಬಂದಿತ್ತು, ತಿರುಗಿ ಮಾಡಲು ಹೇಳ್ರಿ’ ಎಂದಷ್ಟೇ ಹೇಳಿ ಇಡಿ. ಇದೇ ಕಾರಣಕ್ಕೆ ನೋಟಿಸ್ ಬೋರ್ಡಿನ ಮೇಲೆ ಹೆಸರಿನ ಪಟ್ಟಿ ಹಚ್ಚಬಾರದು, ಸುಸ್ತಿದಾರರ ಪಟ್ಟಿ ಹಚ್ಚಿದ ಹಾಗೇ ಆಗುತ್ತದೆ.

ಫೋನಿಲ್ಲದವರಿಗೆ, ಓದು ಬಾರದ ಹಿರಿಯರಿಗೆ ಪಿಗ್ಮಿ ಏಜೆಂಟರೇ ಸರಿ. ದಿನಾ ಬಾಗಿಲಿಗೆ ಹೋಗುವವರು, ಮುಖ ಪರಿಚಯ ಇರುವವರು. ಅವರ ಕೈಗೂ ಪಟ್ಟಿ ಕೊಡಬೇಡಿ. ಒಬ್ಬೊಬ್ಬರ ಹೆಸರಿನ ಮುಚ್ಚಿದ ಲಕೋಟೆ ಕೊಡಿ, ಏನು ಹೇಳಬೇಕೆಂದು ಕಲಿಸಿ ಕಳಿಸಿ.

ಲಕೋಟೆಯ ಕಾಗದದಲ್ಲಿ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವ ಮಾತೂ ಇರಲಿ. ಯುಐಡಿಎಐ ವೆಬ್‌ಸೈಟಿನಲ್ಲಿ ಅದಕ್ಕೆ ಅವಕಾಶ ಇದೆ, ಸಂಶಯ ಬಂದರೆ 1947ಕ್ಕೆ ಫೋನ್ ಮಾಡಿ ಕೇಳಬಹುದು. ಆದರೆ ಲಾಕ್ ಮಾಡಿದವರ ಹೆಬ್ಬೆಟ್ಟು ರೇಷನ್ ಅಂಗಡಿಯಲ್ಲೂ ನಡೆಯುವುದಿಲ್ಲ, ಅಲ್ಲಿಗೆ ಹೋಗುವ ಮೊದಲು ಬಿಡಿಸಬೇಕು. ಇದನ್ನು ಬರೆಯದಿದ್ದರೆ ತಿಂಗಳ ಅಕ್ಕಿಗೆ ಬರಿಗೈಲಿ ವಾಪಸ್ ಬರುತ್ತಾರೆ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ.

ಸಾಲಗಾರರ ಕಾಗದ ಬೇರೆ, ಜಾಮೀನುದಾರರ ಕಾಗದ ಬೇರೆ ಬರೆಯಿರಿ, ಇಬ್ಬರದೂ ಹೋದ ವಿವರ ಒಂದೇ ಅಲ್ಲ. ಆಡಿಟರ್‌ಗೆ ಇನ್ನೂ ಫೈಲು ಹೋಗಿಲ್ಲ ಎಂದಿರಿ. ಹೊಸ ಫೈಲು ತೆರೆದು, ಅವರು ಕೇಳಿದ 64 ಸಾಲುಗಳನ್ನು Paste valuesನಿಂದ ಅದಕ್ಕೆ ಹಾಕಿ, ಆಧಾರಿನ ಕೊನೆಯ ನಾಲ್ಕು ಅಂಕಿ ಮಾತ್ರ ಉಳಿಸಿ ಕಳಿಸಿ. ಫೈಲಿಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ.

ನಿನ್ನೆ ಸಂಜೆಗೆ 388 ಜನರಿಗೆ ಹೇಳಿ ಮುಗಿದಿದೆ ಎಂದು ನಿಮ್ಮ ಮೆಸೇಜು ಬಂತು. ಇನ್ನು 243 ಉಳಿದಿವೆ. ಗುರುವಾರ ಮತ್ತೆ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಆ ಹಳೇ ಡೈರೆಕ್ಟರ ಮನೆಗೆ ಮ್ಯಾನೇಜರನ್ನೇ ಕಳಿಸಿ.