ತಮ್ಮ ಜರ್ಮನಿಗೆ, ಅತ್ತಿಗೆ ಪ್ಲಾನ್‌ಗೆ

"ತುಮಕೂರಿನ ನಮ್ಮ ಮನೆಯ ಸ್ಪಾಟಿಫೈ ಫ್ಯಾಮಿಲಿ ಪ್ಲಾನ್ ನನ್ನ ಹೆಸರಲ್ಲಿದೆ. ಅತ್ತಿಗೆಯನ್ನು ಸೇರಿಸಲು ಹೋದರೆ ವಿಳಾಸ ಹೊಂದುತ್ತಿಲ್ಲ ಅಂತ ಬರುತ್ತೆ. ತಮ್ಮ ಓದಲು ಜರ್ಮನಿಗೆ ಹೊರಟಿದ್ದಾನೆ, ಅವನು ಪ್ಲಾನ್‌ನಲ್ಲೇ ಇರಬಹುದಾ?"

ಅತ್ತಿಗೆ ನಿಮ್ಮ ಮನೆಯಲ್ಲೇ ಇದ್ದರೆ ಅವರಿಗೆ ಅರ್ಹತೆ ಇದೆ. ತೊಂದರೆ ಇರೋದು ವಿಳಾಸ ಬರೆಯುವ ರೀತಿಯಲ್ಲಿ. ನೀವು ಪ್ಲಾನ್ ತಗೊಂಡಾಗ ಕೊಟ್ಟ ವಿಳಾಸಕ್ಕೇ ಅವರದ್ದು ಹೊಂದಬೇಕು. ನಮ್ಮ ಕಡೆ ಒಂದೇ ಮನೆಯನ್ನು ಒಬ್ಬರು "4ನೇ ಕ್ರಾಸ್" ಅಂತ, ಇನ್ನೊಬ್ಬರು "ಗಣಪತಿ ದೇವಸ್ಥಾನದ ಹತ್ತಿರ" ಅಂತ ಬರೀತಾರೆ, ಅಲ್ವಾ? ನಿಮ್ಮ ಖಾತೆಯಲ್ಲಿರುವ ವಿಳಾಸವನ್ನು ನೋಡಿಕೊಂಡು, ಅವರಿಗೆ ಅದನ್ನೇ ಅಕ್ಷರ ಬಿಡದೆ ಕಳಿಸಿ. ಟೈಪ್ ಮಾಡುವಾಗ ಕೆಳಗೆ ಬರುವ ಸಲಹೆಗಳಲ್ಲಿ ನೀವು ಆರಿಸಿದ್ದನ್ನೇ ಅವರೂ ಆರಿಸಲಿ. ಅವರು ಕಳೆದ 12 ತಿಂಗಳಲ್ಲಿ ತವರಿನ ಫ್ಯಾಮಿಲಿ ಪ್ಲಾನ್‌ಗೆ ಸೇರಿದ್ದರೆ ಮಾತ್ರ ಕಾಯಬೇಕಾಗುತ್ತೆ. ಒಂದು ಫ್ಯಾಮಿಲಿ ಪ್ಲಾನ್‌ನಿಂದ ಇನ್ನೊಂದಕ್ಕೆ ಬದಲಿಸಲು 12 ತಿಂಗಳಿಗೆ ಒಂದೇ ಅವಕಾಶ.

ತಮ್ಮ ಇರುವಂತಿಲ್ಲ. ಎಲ್ಲರೂ ಒಂದೇ ಮನೆಯಲ್ಲಿ ಇರಬೇಕು ಅನ್ನೋದೇ ನಿಯಮ. ರಜೆಗೆ ಹೋಗಿಬರೋದು ಬೇರೆ, ಅವನು ಅಲ್ಲೇ ನೆಲೆಸ್ತಾನೆ. ನೀವು ಅವನನ್ನು ತೆಗೆದರೆ ಖಾತೆ ಅಳಿಯಲ್ಲ, ಉಚಿತ ಖಾತೆ ಆಗುತ್ತೆ. ಪ್ಲೇಲಿಸ್ಟ್‌ಗಳು ಹಾಗೇ ಇರುತ್ತವೆ. ಡೌನ್‌ಲೋಡ್ ಮಾಡಿದ ಹಾಡುಗಳು ಮಾತ್ರ ಆಫ್‌ಲೈನ್‌ನಲ್ಲಿ ಕೇಳಿಸಲ್ಲ. ವಿಮಾನದಲ್ಲಿ ಕೇಳಬೇಕು ಅಂದರೆ ಅವನು ತಲುಪಿದ ಮೇಲೇ ತೆಗೆಯಿರಿ.

ಉಚಿತ ಖಾತೆ ಬೇರೆ ದೇಶದಲ್ಲಿ 14 ದಿನ ಮಾತ್ರ ನಡೆಯುತ್ತೆ. ಅಷ್ಟರೊಳಗೆ ಅವನು ಪ್ರೊಫೈಲ್‌ನಲ್ಲಿ ದೇಶ ಬದಲಿಸಲಿ. ಇಲ್ಲಿಂದಲೇ ಬದಲಿಸೋಕೆ ಹೋಗಬೇಡಿ, ಅಲ್ಲಿಗೆ ಹೋಗುವವರೆಗೂ ಜರ್ಮನಿ ಆಯ್ಕೆಯೇ ಕಾಣಿಸಲ್ಲ. ವಿಪಿಎನ್ ಆಫ್ ಇರಲಿ. ಆಮೇಲೆ ಪ್ರೀಮಿಯಂ ಬೇಕಾದರೆ ಅಲ್ಲಿನ ಕಾರ್ಡ್‌ನಲ್ಲಿ ವಿದ್ಯಾರ್ಥಿ ಪ್ಲಾನ್ ತಗೊಳ್ಳಲಿ.