ಕೊಡಗಿನ ನಕ್ಷೆ ಮಾರ್ಕಿಂಗ್: ಚುಕ್ಕೆ ಎಷ್ಟು ಆಚೀಚೆ ಇದ್ದರೆ ಸರಿ?

«ಮಕ್ಕಳು ಕೈಯಲ್ಲಿ ಇಟ್ಟ ಚುಕ್ಕೆ ಸ್ವಲ್ಪ ಆಚೀಚೆ ಆದರೆ ಅಂಕ ಕೊಡಬಹುದಾ? ಎಷ್ಟು ಮಿಲಿಮೀಟರ್?»

ಎಲ್ಲ ಊರಿಗೂ ಒಂದೇ ಅಳತೆ ಇಡಬೇಡಿ, ಮೇಡಂ. ನಕ್ಷೆಯಲ್ಲಿ 1 ಸೆಂ.ಮೀ.ಗೆ 5 ಕಿ.ಮೀ. ಇದ್ದರೆ, ಮಡಿಕೇರಿ, ವಿರಾಜಪೇಟೆಗೆ ಸುತ್ತ 5 ಮಿ.ಮೀ. ಬಿಡಬಹುದು. ಅವು ದೂರ ದೂರ ಇವೆ, ಗೊಂದಲ ಆಗುವುದಿಲ್ಲ. ತಲಕಾವೇರಿ, ಭಾಗಮಂಡಲ ಎರಡನ್ನೂ ಕೇಳಿದ್ದರೆ ಆ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ 3 ಮಿ.ಮೀ. ಸಾಕು, ಜೊತೆಗೆ ತಲಕಾವೇರಿ ಪಶ್ಚಿಮಕ್ಕೇ ಇರಬೇಕು.

ಕುಶಾಲನಗರದಲ್ಲಿ ಮಿಲಿಮೀಟರ್‌ಗಿಂತ ನದಿ ಮುಖ್ಯ. ಚುಕ್ಕೆ 2 ಮಿ.ಮೀ. ಮಾತ್ರ ತಪ್ಪಿ ಕಾವೇರಿಯ ಪೂರ್ವ ದಡಕ್ಕೆ ಹೋದರೂ ಅದು ಮೈಸೂರು ಜಿಲ್ಲೆ ಆಯ್ತು, ಅಂಕ ಇಲ್ಲ. ನದಿ ಗೆರೆಯನ್ನು ಮಗುವೇ ಎಳೆದಿದ್ದರೆ, ಆ ಗೆರೆಯ ಪಶ್ಚಿಮಕ್ಕೆ ಚುಕ್ಕೆ ಇದೆಯಾ ನೋಡಿ. ಗೆರೆಯ ಅಂಕುಡೊಂಕಿಗೆಲ್ಲ ಅಂಕ ಕಳೆಯಬೇಡಿ. ಹುಟ್ಟುವ ಜಾಗ, ಹರಿಯುವ ದಿಕ್ಕು ಸರಿ ಇದ್ದರೆ ಸಾಕು.

ಪಾರದರ್ಶಕ ಹಾಳೆಯಲ್ಲಿ ವೃತ್ತ ಬರೆದು ಉತ್ತರದ ಮೇಲಿಟ್ಟರೆ ಕೆಲಸ ಬೇಗ. ಜೆರಾಕ್ಸ್‌ನಲ್ಲಿ ನಕ್ಷೆ ಕುಗ್ಗಿರಬಹುದು, ಮೊದಲು ಗಡಿರೇಖೆ ಕೂಡುತ್ತದಾ ನೋಡಿಕೊಳ್ಳಿ.