ಪ್ರತಿ ತಿಂಗಳ ಐದನೇ ತಾರೀಖಿನ ಹೊಟ್ಟೆನೋವು

ಹುಡುಗಿಯ ಹೆಸರು, ಊರು, ಕಾಲೇಜು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಚೈತ್ರಾ ಎಂದು ಕರೆಯೋಣ. ಮಂಡ್ಯದ ಒಂದು ಕಾಲೇಜಿನಲ್ಲಿ ಎರಡನೇ ವರ್ಷದ ಬಿಸಿಎ ಓದುತ್ತಿದ್ದಳು. ತಂದೆಗೆ ನಾಲೆ ಬಯಲಿನಲ್ಲಿ ಒಂದೂವರೆ ಎಕರೆ ಕಬ್ಬು, ತಾಯಿಗೆ ಎರಡು ಹಸು.

ಅವಳ ಅಧ್ಯಾಪಕರು ನನ್ನ ಬಳಿ ಕಳುಹಿಸಿದ್ದು ಗೈರುಹಾಜರಿಯ ಕಾರಣಕ್ಕೆ. ಹಾಜರಿ ಪುಸ್ತಕದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ತಾರೀಖುಗಳು: ಪ್ರತಿ ತಿಂಗಳೂ ನಾಲ್ಕರಿಂದ ಏಳರವರೆಗೆ ಅವಳು ಬಂದಿರಲಿಲ್ಲ. ಕೇಳಿದರೆ ಹೊಟ್ಟೆನೋವು ಎಂದಳು. ನಾನು ಅದನ್ನು ಮುಟ್ಟಿನ ನೋವೆಂದು ತಿಳಿದು ವೈದ್ಯರನ್ನು ಕಾಣಲು ಹೇಳಿ ಕಳುಹಿಸಿದೆ. ಅದು ನನ್ನ ತಪ್ಪು. ಎರಡನೇ ಭೇಟಿಯಲ್ಲಿ ಸುಮ್ಮನೆ, "ಐದನೇ ತಾರೀಖು ಏನಮ್ಮ?" ಎಂದು ಕೇಳಿದೆ. "ಕಂತು, ಮೇಡಂ" ಎಂದು ಅತ್ತುಬಿಟ್ಟಳು.

ನಡೆದದ್ದು ಇಷ್ಟು. ಮೈಸೂರಿನ ಒಂದು ಅಂಗಡಿಯಲ್ಲಿ 48,000 ರೂಪಾಯಿಯ ಲ್ಯಾಪ್‌ಟಾಪ್ ನೋಡಿದಳು. ಸ್ಕಾಲರ್‌ಶಿಪ್ಪಿನ 8,000 ಕೈಯಲ್ಲಿತ್ತು. ಉಳಿದ 40,000ಕ್ಕೆ ಅಂಗಡಿಯಲ್ಲೇ ಮೇಜು ಹಾಕಿಕೊಂಡಿದ್ದ ಫೈನಾನ್ಸಿನವರು "ಶೇ. 14 ಬಡ್ಡಿ, 12 ಕಂತು, ತಿಂಗಳಿಗೆ 3,800" ಎಂದರು. ಅವಳಿಗೆ ಆದಾಯವಿಲ್ಲದ ಕಾರಣ ಸಾಲ ಸೋದರಮಾವನ ಹೆಸರಿನಲ್ಲಿ ಆಯಿತು. ಕಂತು ಹೋಗುವುದೂ ಮಾವನ ಖಾತೆಯಿಂದಲೇ. ಅಪ್ಪನಿಗೆ, "ಮಾವ ಕೊಡಿಸಿದರು" ಎಂದು ಹೇಳಿದ್ದಳು. ಐದು ಕಂತು ಕಟ್ಟಿಯಾಗಿತ್ತು. ಆದರೆ ಎರಡು ಕಂತುಗಳು ಮೊದಲ ಸಲ ಬೌನ್ಸ್ ಆಗಿ, ಪ್ರತಿ ಬಾರಿಯೂ 500 ರೂಪಾಯಿ ದಂಡ ಬಿದ್ದಿತ್ತು. ಮಾವ ಬೈದಿರಲಿಲ್ಲ, ಮಾತು ಕಡಿಮೆ ಮಾಡಿದ್ದರು. ಅವಳಿಗೆ ಅದೇ ಹೆಚ್ಚು ನೋವು ತಂದಿತ್ತು.

ಇದರ ಮೇಲೆ ಇನ್ನೊಂದು ಅನುಮಾನ. ಕಂಪ್ಯೂಟರ್ ಓದುವ ಹುಡುಗಿ, ಲ್ಯಾಪ್‌ಟಾಪ್ ಬಂದ ವಾರವೇ ಶೀಟ್ ತೆರೆದು ಕಂತಿನ ಸೂತ್ರ ಹಾಕಿದ್ದಳು:

```
=PMT(14%/12, 12, -40000)
```

ಉತ್ತರ 3,591 ಬಂತು. ಅಂಗಡಿಯವರು ಹೇಳಿದ್ದು 3,800. ತಿಂಗಳಿಗೆ ಇನ್ನೂರು ಚಿಲ್ಲರೆ ವ್ಯತ್ಯಾಸ. ತನ್ನ ಲೆಕ್ಕವೇ ತಪ್ಪಿರಬೇಕು, ಇಷ್ಟೂ ಬಾರದವಳು ಸಾಲ ಮಾಡಿದೆನಲ್ಲ ಎಂದು ಕೊರಗುತ್ತಿದ್ದಳು.

ಅವಳ ಲೆಕ್ಕ ತಪ್ಪಾಗಿರಲಿಲ್ಲ. ಇಬ್ಬರೂ ಶೇ. 14 ಎನ್ನುತ್ತಿದ್ದರು, ಆದರೆ ಯಾವುದರ ಮೇಲೆ ಎಂಬುದು ಬೇರೆಯಾಗಿತ್ತು. ಸೂತ್ರವು ಕಂತು ಕಟ್ಟಿದಂತೆ ಇಳಿಯುವ ಬಾಕಿಗೆ ಮಾತ್ರ ಬಡ್ಡಿ ಹಾಕುತ್ತದೆ. ಫೈನಾನ್ಸಿನವರು 40,000ಕ್ಕೆ ಇಡೀ ವರ್ಷದ ಬಡ್ಡಿ 5,600 ಸೇರಿಸಿ, 45,600ನ್ನು ಹನ್ನೆರಡರಿಂದ ಭಾಗಿಸಿದ್ದರು. ಇದಕ್ಕೆ ಫ್ಲ್ಯಾಟ್ ದರ ಎನ್ನುತ್ತಾರೆ. ಹನ್ನೆರಡನೇ ತಿಂಗಳಲ್ಲಿ ಅವಳ ಬಳಿ ಉಳಿದಿರುವ ಅಸಲು ನಾಲ್ಕು ಸಾವಿರಕ್ಕಿಂತ ಕಡಿಮೆ. ಬಡ್ಡಿ ಮಾತ್ರ ಆಗಲೂ ನಲವತ್ತು ಸಾವಿರಕ್ಕೇ.

ಹಾಗಾದರೆ ನಿಜವಾದ ದರ ಎಷ್ಟು? ಸೂತ್ರ ಬೇಡ, ನೋಟ್‌ಬುಕ್ಕಿನಲ್ಲಿ ಕೈಯಾರೆ ಮಾಡು ಎಂದೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದು ಹಿಡಿದಳು. ಮೊದಲ ತಿಂಗಳ ಬಡ್ಡಿ 800, 3,800ರಲ್ಲಿ ಅದನ್ನು ಕಳೆದರೆ ಅಸಲಿಗೆ ಹೋದದ್ದು 3,000, ಬಾಕಿ 37,000. ಎರಡನೇ ತಿಂಗಳ ಬಡ್ಡಿ 740, ಅಸಲಿಗೆ 3,060. ಹೀಗೆ ಹನ್ನೆರಡು ಸಾಲು ಇಳಿದಾಗ ಕೊನೆಯಲ್ಲಿ 236 ರೂಪಾಯಿ ಹೆಚ್ಚು ಕಟ್ಟಿದಂತಾಯಿತು. ಅಂದರೆ ದರ ಎರಡಕ್ಕಿಂತ ಸ್ವಲ್ಪ ಮೇಲೆ. 2.1 ಹಾಕಿದಾಗ 76 ರೂಪಾಯಿ ಬಾಕಿ ಉಳಿಯಿತು. ಉತ್ತರ ಇವೆರಡರ ನಡುವೆ, ವರ್ಷಕ್ಕೆ ಹೆಚ್ಚುಕಡಿಮೆ ಶೇ. 25. ಸಾಲ ಕೊಡುವಾಗಲೇ ಪ್ರೊಸೆಸಿಂಗ್ ಶುಲ್ಕವೆಂದು ತೆರಿಗೆ ಸೇರಿ 1,180 ರೂಪಾಯಿ ವಸೂಲಾಗಿತ್ತು. ಆದ್ದರಿಂದ ಅವಳಿಗೆ ನಿಜವಾಗಿ ದಕ್ಕಿದ್ದು 38,820 ಮಾತ್ರ. ಅದನ್ನು ಹಿಡಿದರೆ ದರ ಶೇ. 30.8ಕ್ಕೆ ಏರಿತು.

"ಮಾವನ ಮೊಬೈಲಿಗೆ ಬಂದ ಕಾಗದ ನೋಡಿದೆಯಾ?" ಎಂದೆ. ನೋಡಿರಲಿಲ್ಲ. ಇಂಥ ಸಾಲಗಳಿಗೆ ಪ್ರಮುಖ ಸಂಗತಿಗಳ ಹೇಳಿಕೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ವಿಧಿಸಿದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಶುಲ್ಕವೂ ಸೇರಿದ ವಾರ್ಷಿಕ ದರ ಅದರಲ್ಲಿ ಇರಬೇಕು. ಮರುವಾರ ಅವಳು ತಂದ ಕಾಗದದ ಒಂದು ಮೂಲೆಯಲ್ಲಿ ಎಪಿಆರ್ ಎಂಬ ಸಾಲಿನ ಮುಂದೆ 30.8 ಇತ್ತು. ಮುಚ್ಚಿಟ್ಟಿರಲಿಲ್ಲ, ಓದಿಸಿರಲೂ ಇಲ್ಲ. ಆ ದಿನ ಅವಳು ಮೊದಲ ಬಾರಿ ನಕ್ಕಿದ್ದು.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಅಪ್ಪನಿಗೆ ಹೇಳುವುದು. ಅವಳಿಗೆ ಅದೇ ಕಷ್ಟವಾಗಿತ್ತು. "ಶೇಕಡಾ ಮೂವತ್ತು ಎಂದರೆ ಅಪ್ಪನಿಗೆ ತಿಳಿಯುವುದಿಲ್ಲ ಮೇಡಂ" ಎಂದಳು. ಶೇಕಡಾ ಬಿಡು, ಊರಿನ ಲೆಕ್ಕದಲ್ಲಿ ಹೇಳು ಎಂದೆ. ಮನೆಗೆ ಹೋಗಿ ಹೇಳಿದಾಗ ತಂದೆ ಒಂದು ಗಳಿಗೆ ಸುಮ್ಮನಿದ್ದು, "ಅಂದರೆ ಎರಡೂವರೆ ರೂಪಾಯಿ ಬಡ್ಡಿ ಆಯಿತು ಬಿಡವ್ವ, ನಾನು ಮೂರಕ್ಕೂ ತಂದಿದ್ದೇನೆ" ಎಂದರಂತೆ. ಐದು ತಿಂಗಳು ನುಂಗಿಕೊಂಡಿದ್ದ ಮಾತು ಹೀಗೆ ಮುಗಿಯಿತು.

ಆದರೆ ಅವರು ಮಾರನೇ ದಿನವೇ ಕೈಸಾಲ ತಂದು ಫೈನಾನ್ಸ್ ತೀರಿಸಿಬಿಡೋಣ ಎಂದು ಹೊರಟರು. ಅದನ್ನು ತಡೆಯಬೇಕಾಯಿತು. ಐದು ಕಂತಿನ ನಂತರ ಅಸಲು ಬಾಕಿ ಸುಮಾರು 24,520. ಉಳಿದ ಏಳು ಕಂತು ಕಟ್ಟುತ್ತಾ ಹೋದರೆ 26,600. ಈಗಲೇ ತೀರಿಸಿದರೆ ಉಳಿಯುವುದು ಎರಡು ಸಾವಿರ ಚಿಲ್ಲರೆ. ಅದರಲ್ಲಿ ಅವಧಿಗೆ ಮೊದಲು ಮುಗಿಸುವ ಶುಲ್ಕಕ್ಕೆ ಶೇ. 4 ಮತ್ತು ತೆರಿಗೆ, ಒಟ್ಟು 1,157 ಹೋಗುತ್ತದೆ. ಕೈಯಲ್ಲಿ ಸ್ವಂತ ಹಣವಿದ್ದರೆ ಅಷ್ಟಾದರೂ ಲಾಭ. ಮೂರು ರೂಪಾಯಿ ಬಡ್ಡಿಗೆ ತಂದರೆ ಮೊದಲ ತಿಂಗಳ ಬಡ್ಡಿಯೇ 735ಕ್ಕೂ ಹೆಚ್ಚು, ಎರಡನೇ ತಿಂಗಳಿಗೆ ಲಾಭವೆಲ್ಲ ಕರಗುತ್ತದೆ.

ನಿಜವಾಗಿ ನೋಯಿಸುತ್ತಿದ್ದದ್ದು ದರಕ್ಕಿಂತ ತಾರೀಖು. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಅದೂ ಬಂದಾಗ. ತಿಂಗಳು ತಿಂಗಳು ಬರುವುದು ತಾಯಿಯ ಡೈರಿ ಬಟವಾಡೆ ಮಾತ್ರ, ಹತ್ತಕ್ಕೆ ಮತ್ತು ಇಪ್ಪತ್ತೈದಕ್ಕೆ. ಕಂತು ಐದಕ್ಕೆ. ಇಪ್ಪತ್ತೈದರ ಹಣ ಹಿಂಡಿ, ಬೂಸಾ, ಅಂಗಡಿ ಬಾಕಿಗೆ ಕರಗಿ, ಐದರ ಹೊತ್ತಿಗೆ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಬೌನ್ಸ್ ಆಗಲು ಬೇರೆ ಕಾರಣವೇ ಬೇಕಿರಲಿಲ್ಲ. ಕಂತಿನ ದಿನ ಬದಲಿಸಿ ಎಂದು ಮಾವ ಬರೆದು ಕೇಳಿದರು, ಫೈನಾನ್ಸಿನವರು ಒಪ್ಪಲಿಲ್ಲ. ಕೊನೆಗೆ ಪ್ರತಿ ಬಟವಾಡೆಯ ದಿನವೇ, ಬೇರೆ ಖರ್ಚಿಗೆ ಮೊದಲು, 1,900 ರೂಪಾಯಿ ಮಾವನ ಖಾತೆಗೆ ಹಾಕುವುದೆಂದು ತಾಯಿ ಒಪ್ಪಿದರು. ಮೊದಲ ತಿಂಗಳು ಹೊಂದಿಸಲು ಚೈತ್ರಾಳ ಬಸ್ ಪಾಸ್ ಹಣ ಸೇರಿತು. ಅದು ನನಗೆ ಇಷ್ಟವಾಗಲಿಲ್ಲ, ಬೇರೆ ದಾರಿ ಕಾಣಲಿಲ್ಲ.

ಮಾವನಿಗೂ ಒಂದು ಮಾತು ಹೇಳಿ ಎಂದಿದ್ದೆ. ತಡವಾದ ಕಂತು ದಾಖಲಾಗುವುದು ಅವರ ಸಿಬಿಲ್‌ನಲ್ಲಿ, ಇವಳದರಲ್ಲಿ ಅಲ್ಲ. ಅದು ತಿಳಿದ ಮೇಲೆ ಮಾವನ ಮೌನಕ್ಕೆ ಕಾರಣ ಅವಳಿಗೆ ಅರ್ಥವಾಯಿತು, ಹೋಗಿ ಕ್ಷಮೆ ಕೇಳಿದಳು.

ಆರನೇ ಕಂತು ಐದಕ್ಕೆ ಸರಿಯಾಗಿ ಹೋಯಿತು. ಆರರಂದು ತರಗತಿಯಲ್ಲಿದ್ದಳು, ಸಂಜೆ ನೋಟ್‌ಬುಕ್ ಹಿಡಿದು ಬಂದಳು. ಅರ್ಧ ಕಂತು ಮುಗಿದರೂ ಬಾಕಿ 21,231 ಇದೆಯಲ್ಲ, ಅರ್ಧಕ್ಕಿಂತ ಹೆಚ್ಚು ಎಂದು ಸಿಟ್ಟಿನಿಂದ ತೋರಿಸಿದಳು. ಜೊತೆಗೆ ಮಾವ ಕೊಟ್ಟ ಇನ್ನೊಂದು ಕಾಗದವಿತ್ತು, ಅವರ ಬೈಕಿನ ಸಾಲದ್ದು. ಅದರಲ್ಲಿ ಶೇ. 11 ಎಂದು ಬರೆದಿತ್ತು. "ಯಾವುದರ ಮೇಲೆ ಎಂದು ನೋಡಬೇಕು" ಎಂದು ಹೇಳಿ, ನನ್ನ ಮೇಜಿನ ತುದಿಯಲ್ಲೇ ಕುಳಿತು ಗೆರೆ ಎಳೆಯತೊಡಗಿದಳು.